ಲಾಗ್‌ಬುಕ್‌ನಿಂದ ಎರಡು ಪುಟಕ್ಕೆ: ಹೊಸ ವೈದ್ಯರು ರೆಸ್ಯೂಮೆ ಬರೆಯುವ ಬಗೆ

ನಮ್ಮದು ಶಿವಮೊಗ್ಗದ ಒಂದು ಸಾಧಾರಣ ಖಾಸಗಿ ಆಸ್ಪತ್ರೆ. ರಾತ್ರಿ ಪಾಳಿಗೆ ಡ್ಯೂಟಿ ಡಾಕ್ಟರ್ ಬೇಕೆಂದು ಹೇಳಿದಾಗೆಲ್ಲ ಬಂದು ಬೀಳುವ ರೆಸ್ಯೂಮೆಗಳನ್ನು ಮೊದಲು ಓದುವ ಕೆಲಸ ನನ್ನ ಪಾಲಿನದು. ಹೊರರೋಗಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಓದುತ್ತೇನೆ, ಒಂದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಲಾಗುವುದಿಲ್ಲ. ಆ ಎರಡು ನಿಮಿಷದಲ್ಲಿ ನಾನು ಹುಡುಕುವುದು ಒಂದೇ ಸಂಗತಿ: ಮಳೆಗಾಲದ ರಾತ್ರಿ ಎರಡು ಗಂಟೆಗೆ ಹೊಸನಗರದ ಕಡೆಯಿಂದ ಹಾವು ಕಚ್ಚಿದವರನ್ನು ಜೀಪಿನಲ್ಲಿ ತಂದಿಳಿಸಿದರೆ, ನಾನು ಮನೆಯಿಂದ ಹೊರಟು ಬರುವಷ್ಟರಲ್ಲಿ ಈ ವೈದ್ಯರ ಕೈ ಏನು ಮಾಡಬಲ್ಲದು?

ಬಹುಪಾಲು ರೆಸ್ಯೂಮೆಗಳಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ‘ಸವಾಲಿನ ವಾತಾವರಣದಲ್ಲಿ ನನ್ನ ಪ್ರತಿಭೆಯನ್ನು ಬಳಸಲು ಬಯಸುತ್ತೇನೆ’ ಎಂಬ ಸಾಲು ಮಾತ್ರ ತಪ್ಪದೆ ಇರುತ್ತದೆ.

ಕಳೆದ ವರ್ಷ ನನ್ನ ದೊಡ್ಡಪ್ಪನ ಮಗಳ ಮಗಳು, ನನಗೆ ಸೊಸೆಯಾಗಬೇಕು, ತೀರ್ಥಹಳ್ಳಿಯಿಂದ ತನ್ನ ರೆಸ್ಯೂಮೆ ಹಿಡಿದು ಬಂದಳು. ಇಂಟರ್ನ್‌ಶಿಪ್ ಮುಗಿದು ಎರಡು ತಿಂಗಳಾಗಿತ್ತು. ನಾಲ್ಕು ಪುಟ, ಹೂವಿನ ಅಂಚು, ಮೂಲೆಯಲ್ಲಿ ಫೋಟೊ. ನಾವಿಬ್ಬರೂ ಕೂತು ಅದನ್ನು ಒಂದು ಭಾನುವಾರದಲ್ಲಿ ಎರಡು ಪುಟಕ್ಕೆ ಇಳಿಸಿದೆವು. ಆ ದಿನ ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಹೇಳುತ್ತೇನೆ. ರೆಸ್ಯೂಮೆಯನ್ನು ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ. ಮಾದರಿ ಸಾಲುಗಳನ್ನು ಅರ್ಥವಾಗಲೆಂದು ಕನ್ನಡದಲ್ಲಿ ಕೊಟ್ಟಿದ್ದೇನೆ.

ಮೊದಲು: ಇದು ಯಾರ ಕೈಗೆ ಹೋಗುತ್ತದೆ?

ಒಂದು ಗೊಂದಲವನ್ನು ಆರಂಭದಲ್ಲೇ ಬಿಡಿಸಿಬಿಡೋಣ. ನಮ್ಮ ದೇಶದಲ್ಲಿ ಎಂಡಿ, ಎಂಎಸ್ ಅಥವಾ ಡಿಎನ್‌ಬಿ ರೆಸಿಡೆನ್ಸಿಗೆ ಸೀಟು ಸಿಗುವುದು ನೀಟ್-ಪಿಜಿಯಂಥ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಮತ್ತು ಕೌನ್ಸೆಲಿಂಗ್ ಮೂಲಕ. ಅಲ್ಲಿ ನಿಮ್ಮ ರೆಸ್ಯೂಮೆಯನ್ನು ಯಾರೂ ತೆರೆದು ನೋಡುವುದಿಲ್ಲ. ಸೀಟಿಗಾಗಿ ಪೋಸ್ಟರ್, ಪೇಪರ್ ಎಂದು ಹಣ ಸುರಿಯುವವರನ್ನು ಕಂಡಾಗ ಅಯ್ಯೋ ಅನ್ನಿಸುತ್ತದೆ. ರೆಸ್ಯೂಮೆಗೆ ಬೆಲೆ ಇರುವುದು ಬೇರೆ ಕಡೆ: ಖಾಸಗಿ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಹುದ್ದೆ, ವೈದ್ಯಕೀಯ ಕಾಲೇಜುಗಳು ಸಂದರ್ಶನದ ಮೂಲಕ ತುಂಬುವ ಸ್ನಾತಕೋತ್ತರವಲ್ಲದ ಜೂನಿಯರ್ ರೆಸಿಡೆಂಟ್ ಹುದ್ದೆ, ಸಂಶೋಧನಾ ಯೋಜನೆಗಳ ವೈದ್ಯಾಧಿಕಾರಿ ಹುದ್ದೆ, ಮುಂದೆ ಎಂಡಿ ಮುಗಿದ ಮೇಲೆ ಸೀನಿಯರ್ ರೆಸಿಡೆನ್ಸಿ. ವಿದೇಶದ ರೆಸಿಡೆನ್ಸಿಯಲ್ಲೂ ಅದಕ್ಕೆ ತೂಕವಿದೆ. ಆದರೆ ಅಮೆರಿಕದ ಅರ್ಜಿಯನ್ನು ಅವರದೇ ನಮೂನೆಯಲ್ಲಿ ತುಂಬಬೇಕು, ಇಲ್ಲಿ ಹೇಳುವ ಎರಡು ಪುಟ ಅದಕ್ಕೆ ಕಚ್ಚಾ ಸಾಮಗ್ರಿಯಷ್ಟೇ ಆದೀತು.

ನನ್ನ ಸೊಸೆಗೆ ಬೇಕಾಗಿದ್ದುದು ಮೊದಲನೆಯದು, ಅಂದರೆ ನೀಟ್-ಪಿಜಿ ತಯಾರಿಯ ಜೊತೆಗೆ ಮಾಡಬಹುದಾದ ಕ್ಯಾಶುಯಲ್ಟಿ ಕೆಲಸ. ಹಾಗಾಗಿ ಓದುಗರು ನನ್ನಂಥವರು.

ಮೊದಲ ಪುಟದ ತಲೆಯಲ್ಲಿ ಐದೇ ಸಂಗತಿ ಇಟ್ಟೆವು: ಹೆಸರು, ಮೊಬೈಲ್ ಮತ್ತು ಇಮೇಲ್, ಪದವಿಯೂ ವಿಶ್ವವಿದ್ಯಾಲಯವೂ, ಇಂಟರ್ನ್‌ಶಿಪ್ ಮುಗಿದ ದಿನಾಂಕ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ಕೊನೆಯದನ್ನು ಅವಳು ಮೂರನೆಯ ಪುಟದಲ್ಲಿ ಹುದುಗಿಸಿದ್ದಳು. ನೋಂದಣಿ ಕಾಯಂ ಆಗಿದೆಯೋ ಇಲ್ಲವೋ ತಿಳಿಯದೆ ಯಾವ ಆಸ್ಪತ್ರೆಯೂ ನಿಮ್ಮನ್ನು ರಾತ್ರಿ ಪಾಳಿಗೆ ಹಾಕುವಂತಿಲ್ಲ. ಇಂಟರ್ನ್‌ಶಿಪ್‌ಗಾಗಿ ಕೊಟ್ಟಿದ್ದ ತಾತ್ಕಾಲಿಕ ನೋಂದಣಿ ಸಂಖ್ಯೆಯನ್ನೇ ಬರೆದು ಕಳಿಸುವವರಿದ್ದಾರೆ. ಕಾಯಂ ಸಂಖ್ಯೆ ಇನ್ನೂ ಬಂದಿಲ್ಲದಿದ್ದರೆ ‘ಅರ್ಜಿ ಸಲ್ಲಿಸಿದೆ’ ಎಂದು ದಿನಾಂಕದೊಂದಿಗೆ ಬರೆಯಿರಿ. ತಂದೆಯ ಹೆಸರು, ಜಾತಿ, ಮದುವೆಯ ಸ್ಥಿತಿ, ಹವ್ಯಾಸ ಎಲ್ಲವನ್ನೂ ಹೊಡೆದುಹಾಕಿದೆವು. ಅರ್ಧ ಪುಟ ಉಳಿಯಿತು.

ಪೋಸ್ಟಿಂಗ್‌ಗಳು: ಎಲ್ಲರಿಗೂ ಸಮಾನವಾದುದನ್ನು ಬಿಡಿ

ಅವಳು ಬರೆದಿದ್ದದ್ದು ಹೀಗೆ: ‘ವೈದ್ಯಕೀಯ, ಶಸ್ತ್ರಚಿಕಿತ್ಸೆ, ಪ್ರಸೂತಿ, ಮಕ್ಕಳ ವಿಭಾಗ, ಮೂಳೆ, ಕಣ್ಣು, ಕಿವಿ-ಮೂಗು-ಗಂಟಲು ಮುಂತಾದ ಎಲ್ಲ ವಿಭಾಗಗಳಲ್ಲಿ ಕೆಲಸ ಮಾಡಿದ್ದೇನೆ.’

ಮಾಡಿರಲೇಬೇಕಲ್ಲ! ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ಇಂಟರ್ನ್‌ಶಿಪ್ ನಿಯಮದ ಪ್ರಕಾರ 52 ವಾರಗಳು ಹಂಚಿಕೆಯಾಗಿಯೇ ಬರುತ್ತವೆ. ಸಮುದಾಯ ವೈದ್ಯಕೀಯಕ್ಕೆ 12 ವಾರ, ಪ್ರಸೂತಿ ಮತ್ತು ಕುಟುಂಬ ಕಲ್ಯಾಣಕ್ಕೆ 7, ಜನರಲ್ ಮೆಡಿಸಿನ್‌ಗೆ 6, ಶಸ್ತ್ರಚಿಕಿತ್ಸೆಗೆ 6, ತುರ್ತು ವಿಭಾಗಕ್ಕೆ 2, ಅರಿವಳಿಕೆಗೆ 2, ಹೀಗೆ. ಶಿವಮೊಗ್ಗದಲ್ಲಿ ಓದಿದವರಿಗೂ ಬೆಳಗಾವಿಯಲ್ಲಿ ಓದಿದವರಿಗೂ ಇದೇ ಪಟ್ಟಿ. ಆದ್ದರಿಂದ ವಿಭಾಗಗಳ ಹೆಸರನ್ನು ಬರೆದರೆ ಓದುವವನಿಗೆ ಹೊಸದೇನೂ ತಿಳಿಯುವುದಿಲ್ಲ. ತಿಳಿಯಬೇಕಾದದ್ದು, ನೀವು ಯಾವ ಜಾಗದಲ್ಲಿ ಇದ್ದಿರಿ, ಅಲ್ಲಿ ಎಷ್ಟು ರೋಗಿಗಳು ಬರುತ್ತಿದ್ದರು, ನಿಮ್ಮ ಹೆಗಲಿಗೆ ಬಿದ್ದ ಹೊಣೆ ಯಾವುದು ಎಂಬುದು.

ನಾನು ಅವಳಿಗೆ ಹೇಳಿದೆ: ‘ಹುದ್ದೆಗೆ ಸಂಬಂಧಪಟ್ಟ ನಾಲ್ಕೈದು ಪೋಸ್ಟಿಂಗ್ ಮಾತ್ರ ಆರಿಸಿಕೊ. ಪ್ರತಿಯೊಂದಕ್ಕೂ ಎರಡು ಸಾಲು. ಉಳಿದವನ್ನೆಲ್ಲ ಕೊನೆಗೆ ಒಂದೇ ಸಾಲಿನಲ್ಲಿ ಮುಗಿಸು.’

ಅವಳು ತುರ್ತು ವಿಭಾಗ, ಮೆಡಿಸಿನ್, ಪ್ರಸೂತಿ, ಸಮುದಾಯ ವೈದ್ಯಕೀಯ ಇವನ್ನು ಆರಿಸಿಕೊಂಡಳು. ಜೊತೆಗೆ ನಾಲ್ಕು ವಾರದ ಐಚ್ಛಿಕ ಅವಧಿ. ಇದನ್ನು ತುಂಬ ಜನ ಮರೆಯುತ್ತಾರೆ. ವರ್ಷದ ಬೇರೆಲ್ಲ ವಾರಗಳನ್ನು ನಿಯಮವೇ ತೀರ್ಮಾನಿಸಿರುವಾಗ, ನಿಮ್ಮ ಒಲವು ಕಾಣುವುದು ಈ ಅವಧಿಯಲ್ಲಿ ಮಾತ್ರ. ಅವಳು ಅದರಲ್ಲಿ ಹೆಚ್ಚಿನ ಭಾಗವನ್ನು ಮತ್ತೆ ತುರ್ತು ವಿಭಾಗದಲ್ಲೇ ಕಳೆದಿದ್ದಳು, ಆದರೆ ಅದನ್ನು ಬರೆದೇ ಇರಲಿಲ್ಲ. ಕ್ಯಾಶುಯಲ್ಟಿ ಹುದ್ದೆ ಕೇಳಿಕೊಂಡು ಬಂದವಳು!

ಸಮುದಾಯ ವೈದ್ಯಕೀಯದ 12 ವಾರಗಳನ್ನು ‘ಹಳ್ಳಿ ಪೋಸ್ಟಿಂಗ್’ ಎಂದು ತಾತ್ಸಾರ ಮಾಡುವುದು ರೂಢಿ. ಮಲೆನಾಡಿನಲ್ಲಿ ಕೆಲಸ ಕೇಳುವವರಿಗೆ ನಿಜಕ್ಕೂ ಅದೇ ಬಂಡವಾಳ. ಅವಳಿದ್ದದ್ದು ಸಾಗರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ. ಅಂದರೆ ಮಂಗನ ಕಾಯಿಲೆಯ ಋತುವಿನ ನಡುಮಧ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಜ್ವರ ಇವತ್ತಿಗೂ ಬೇಸಿಗೆಗೆ ಮುಂಚಿನ ತಿಂಗಳುಗಳಿಂದ ಮಳೆ ಹಿಡಿಯುವವರೆಗೆ ನಮ್ಮನ್ನು ಕಾಡುತ್ತದೆ. ಅವಳ ಹಳೆಯ ರೆಸ್ಯೂಮೆಯಲ್ಲಿ ಅದರ ಸುಳಿವೇ ಇರಲಿಲ್ಲ. ಹೊಸ ಸಾಲು ಹೀಗಾಯಿತು:

> ಪ್ರಾಥಮಿಕ ಆರೋಗ್ಯ ಕೇಂದ್ರ, ಸಾಗರ ತಾಲ್ಲೂಕು (ಜನವರಿ–ಮಾರ್ಚ್): ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ದಿನಕ್ಕೆ 40–50 ಹೊರರೋಗಿಗಳು. ಶಂಕಿತ ಮಂಗನ ಕಾಯಿಲೆಯ 14 ರೋಗಿಗಳ ರಕ್ತದ ಮಾದರಿ ಸಂಗ್ರಹ, ರವಾನೆ ಮತ್ತು ಮೇಲಿನ ಆಸ್ಪತ್ರೆಗೆ ಕಳಿಸುವ ಪತ್ರ.

ಇಂಥ ಸಾಲು ಬರೆದ ಮೇಲೆ ಪ್ರಶ್ನೆ ಬಂದೇ ಬರುತ್ತದೆ. ಜ್ವರದ ಎಷ್ಟನೆಯ ದಿನ ಮಾದರಿ ತೆಗೆದಿರಿ? ಮೊದಲ ಕೆಲವು ದಿನಗಳಲ್ಲಿ ಪಿಸಿಆರ್‌ಗೆ ವೈರಾಣು ಸಿಗುತ್ತದೆ, ದಿನ ಕಳೆದಂತೆ ಪ್ರತಿಕಾಯಗಳನ್ನು ಹುಡುಕಬೇಕಾಗುತ್ತದೆ. ಮಾಡಿದವರಿಗೆ ಇದು ಗೊತ್ತಿರುತ್ತದೆ, ಬರೀ ಸಾಲು ಹೊಸೆದವರು ಇಲ್ಲಿ ತಡವರಿಸುತ್ತಾರೆ.

ಕೈಕೆಲಸದ ಪಟ್ಟಿ: ಸಂಖ್ಯೆ, ಹಂತ, ಜಾಗ

ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ಅವಳ ಪಟ್ಟಿ ಹೀಗಿತ್ತು: ‘ಇಂಟ್ಯುಬೇಷನ್, ಸೆಂಟ್ರಲ್ ಲೈನ್, ಎದೆಗೆ ನಳಿಕೆ ಹಾಕುವುದು, ಲಂಬಾರ್ ಪಂಕ್ಚರ್, ಹೆರಿಗೆ, ಹೊಲಿಗೆ, ಕ್ಯಾತಿಟರ್, ರೈಲ್ಸ್ ಟ್ಯೂಬ್.’ ಎಲ್ಲವೂ ಒಂದೇ ಉಸಿರಿನಲ್ಲಿ, ಒಂದೇ ತೂಕದಲ್ಲಿ.

‘ಸೆಂಟ್ರಲ್ ಲೈನ್ ಎಷ್ಟು ಹಾಕಿದ್ದೀಯೆ?’ ಎಂದು ಕೇಳಿದೆ.

‘ಹಾಕಿಲ್ಲ ಮಾವ, ಒಂದು ಸಲ ಪಕ್ಕದಲ್ಲಿ ನಿಂತಿದ್ದೆ.’

‘ಇಂಟ್ಯುಬೇಷನ್?’

ಸ್ವಲ್ಪ ಯೋಚಿಸಿದಳು. ಅರಿವಳಿಕೆ ಪೋಸ್ಟಿಂಗ್‌ನಲ್ಲಿ ಆಪರೇಷನ್ ಥಿಯೇಟರಿನಲ್ಲಿ ಆರು ಸಲ ಪ್ರಯತ್ನಿಸಿದ್ದಳು, ನಾಲ್ಕು ಸಲ ನಳಿಕೆ ಒಳಗೆ ಹೋಗಿತ್ತು, ಉಳಿದೆರಡು ಸಲ ಹಿರಿಯರು ಕೈಗೆತ್ತಿಕೊಂಡಿದ್ದರು. ಕ್ಯಾಶುಯಲ್ಟಿಯಲ್ಲಿ ಒಂದು ಸಲವೂ ಮಾಡಿರಲಿಲ್ಲ.

ಇದು ಸುಳ್ಳು ಹೇಳುವ ಹುಡುಗಿಯಲ್ಲ. ಪಟ್ಟಿ ಮಾಡುವ ಆ ಪದ್ಧತಿಯೇ ಅವಳಿಂದ ಸುಳ್ಳು ಹೇಳಿಸಿತ್ತು. ಅದನ್ನು ನಂಬಿ ನಾನು ಅವಳನ್ನು ರಾತ್ರಿ ಒಬ್ಬಳನ್ನೇ ಬಿಟ್ಟಿದ್ದರೆ, ಕೀಟನಾಶಕ ಕುಡಿದು ಬಾಯಲ್ಲಿ ನೊರೆ ತುಂಬಿಕೊಂಡು ಬಂದ ರೋಗಿಯ ಮುಂದೆ ಅವಳ ಗತಿ ಏನಾಗುತ್ತಿತ್ತು? ಥಿಯೇಟರಿನಲ್ಲಿ ಹೊಟ್ಟೆ ಖಾಲಿ ಇರುವ, ಸ್ನಾಯುಗಳು ಸಡಿಲಗೊಂಡ ರೋಗಿಗೆ ನಳಿಕೆ ಹಾಕುವುದಕ್ಕೂ ಇದಕ್ಕೂ ಆಕಾಶ ಭೂಮಿಯ ಅಂತರ.

ಆದ್ದರಿಂದ ಪ್ರತಿ ಕೈಕೆಲಸಕ್ಕೂ ಮೂರು ವಿವರ ಕೊಡಿ. ಎಷ್ಟು ಸಲ ಎಂಬುದು ಮೊದಲನೆಯದು. ಎರಡನೆಯದು ಯಾವ ಹಂತದಲ್ಲಿ ಎಂಬುದು: ನೋಡಿದ್ದೇ, ಸಹಾಯಕ್ಕೆ ನಿಂತದ್ದೇ, ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿದ್ದೇ, ಸ್ವತಂತ್ರವಾಗಿ ಮಾಡಿದ್ದೇ. ಮೂರನೆಯದು, ಎಲ್ಲಿ. ಬರೀ ನೋಡಿದ್ದನ್ನು ಪಟ್ಟಿಯಿಂದ ತೆಗೆಯಿರಿ, ಗೊಂಬೆಯ ಮೇಲೆ ಮಾಡಿದ್ದನ್ನು ಗೊಂಬೆಯ ಮೇಲೆ ಎಂದೇ ಬರೆಯಿರಿ.

ಸಂಖ್ಯೆ ಎಲ್ಲಿಂದ ತರುವುದು? ಲಾಗ್‌ಬುಕ್‌ನಿಂದ. ಅವಳು ತನ್ನದನ್ನು ಬ್ಯಾಗಿನಿಂದ ತೆಗೆದಾಗ ಅರ್ಧ ಪುಟಗಳಲ್ಲಿ ಸಹಿ ಇತ್ತು, ಅರ್ಧ ಖಾಲಿ. ಖಾಲಿ ಪುಟದ ನೆನಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ಸಹಿ ಇದ್ದದ್ದನ್ನು ಮಾತ್ರ ಎಣಿಸು ಎಂದೆ. ರಕ್ತನಾಳಕ್ಕೆ ಕ್ಯಾನುಲಾ ಹಾಕುವಂಥ ದಿನನಿತ್ಯದ ಕೆಲಸಕ್ಕೆ ಮಾತ್ರ ‘200ಕ್ಕೂ ಹೆಚ್ಚು’ ಎಂಬ ಅಂದಾಜು ಸಾಕು. ಲಂಬಾರ್ ಪಂಕ್ಚರ್ ‘ಸುಮಾರು 5’ ಎಂದು ಬರೆದರೆ ನಗು ಬರುತ್ತದೆ. ಐದನ್ನು ಯಾರಾದರೂ ಎಣಿಸಬಹುದು. ಎಣಿಸುವಾಗ ಲಾಗ್‌ಬುಕ್‌ನಲ್ಲಿರುವ ರೋಗಿಯ ಹೆಸರಾಗಲಿ ಒಳರೋಗಿ ಸಂಖ್ಯೆಯಾಗಲಿ ರೆಸ್ಯೂಮೆಗೆ ನುಸುಳದಂತೆ ನೋಡಿಕೊಳ್ಳಿ. ಹೊಲಿಗೆ ಹಾಕಿದ ಗಾಯದ ಫೋಟೊವನ್ನೇ ಅಂಟಿಸಿ ಕಳಿಸಿದ ಮಹಾನುಭಾವರೊಬ್ಬರೂ ಇದ್ದರು.

ಎರಡು ಗಂಟೆಯ ಎಣಿಕೆಯ ನಂತರ ಅವಳ ಪಟ್ಟಿ ಹೀಗೆ ನಿಂತಿತು:

> ಸ್ವತಂತ್ರವಾಗಿ: ಕ್ಯಾನುಲಾ 200ಕ್ಕೂ ಹೆಚ್ಚು, ಮೂತ್ರದ ಕ್ಯಾತಿಟರ್ 46, ರೈಲ್ಸ್ ಟ್ಯೂಬ್ 31, ಗಾಯಕ್ಕೆ ಹೊಲಿಗೆ 38 (ಮುಖದ ಗಾಯ ಬಿಟ್ಟು), ಅಪಧಮನಿಯಿಂದ ರಕ್ತದ ಮಾದರಿ 22.
>
> ಮೇಲ್ವಿಚಾರಣೆಯಲ್ಲಿ: ಸಹಜ ಹೆರಿಗೆ 17, ಲಂಬಾರ್ ಪಂಕ್ಚರ್ 3, ಇಂಟ್ಯುಬೇಷನ್ 6 ಪ್ರಯತ್ನ, 4 ಯಶಸ್ವಿ (ಎಲ್ಲವೂ ಥಿಯೇಟರಿನಲ್ಲಿ).
>
> ಸಹಾಯಕಿಯಾಗಿ: ಎದೆಗೆ ನಳಿಕೆ 2; ಸಿಸೇರಿಯನ್ 9.

ಆ ‘6 ಪ್ರಯತ್ನ, 4 ಯಶಸ್ವಿ’ ಎಂಬುದನ್ನು ಬರೆಯಲು ಅವಳಿಗೆ ಮನಸ್ಸೇ ಇರಲಿಲ್ಲ. ‘ಸೋತದ್ದನ್ನು ಯಾಕೆ ಬರೆಯಬೇಕು ಮಾವ?’ ಎಂದಳು. ಸೋತ ಲೆಕ್ಕ ಇಟ್ಟುಕೊಂಡವರು ಉಳಿದ ಲೆಕ್ಕವನ್ನೂ ಸರಿಯಾಗಿ ಇಟ್ಟಿರುತ್ತಾರೆ ಎಂದು ನಂಬುವವನು ನಾನು. ಎಲ್ಲರೂ ನನ್ನಂತೆ ಇರಲಾರರು, ಒಪ್ಪುತ್ತೇನೆ. ಆದರೂ ಹಿರಿಯ ಅರಿವಳಿಕೆ ತಜ್ಞರ ಮುಂದೆ ‘ಹೊಸಬಳಾದ ನಾನು ಆರಕ್ಕೆ ಆರೂ ಗೆದ್ದೆ’ ಎನ್ನುವುದಕ್ಕಿಂತ ಇದು ಕ್ಷೇಮ.

‘ಸ್ವತಂತ್ರವಾಗಿ’ ಎಂಬ ಗುಂಪಿಗೆ ಸೇರಿಸುವ ಮುನ್ನ ಒಂದು ಪರೀಕ್ಷೆ ಇದೆ. ಈ ಕೆಲಸ ಯಾವಾಗ ಮಾಡಬಾರದು, ಏನು ಕೆಡಬಹುದು, ಕೆಟ್ಟರೆ ಮುಂದಿನ ಹೆಜ್ಜೆ ಏನು, ಈ ಮೂರಕ್ಕೂ ನಿದ್ದೆಗಣ್ಣಿನಲ್ಲಿ ಉತ್ತರ ಬರಬೇಕು. ಅಪಘಾತದಲ್ಲಿ ಸೊಂಟದ ಮೂಳೆ ಮುರಿದು, ಮೂತ್ರದ್ವಾರದಲ್ಲಿ ರಕ್ತ ಕಂಡ ಗಂಡಸಿಗೆ ಕ್ಯಾತಿಟರ್ ಹಾಕುತ್ತೀರಾ ಎಂದು ಕೇಳಿದರೆ, 46 ಸಲ ಹಾಕಿದವರು ಒಮ್ಮೆ ಕೈ ತಡೆಯಬೇಕು. ತಡೆಯದಿದ್ದರೆ ಆ 46ಕ್ಕೆ ಅರ್ಥವಿಲ್ಲ.

ಪಟ್ಟಿಗೆ ಸೇರದ ಎರಡು ಸಂಗತಿ

ಹಾವು ಕಡಿತ ಕೈಕೆಲಸವಲ್ಲ, ಪೋಸ್ಟಿಂಗೂ ಅಲ್ಲ. ಹಾಗಾಗಿ ರೆಸ್ಯೂಮೆಯಲ್ಲಿ ಅದಕ್ಕೆ ಜಾಗವೇ ಸಿಗುವುದಿಲ್ಲ. ನಾವು ‘ನಿಭಾಯಿಸಿದ ತುರ್ತು ಪ್ರಕರಣಗಳು’ ಎಂಬ ಸಣ್ಣ ಭಾಗ ಮಾಡಿ, ಹಾವು ಕಡಿತ 11 (ತಂಡದ ಭಾಗವಾಗಿ), ಕೀಟನಾಶಕ ವಿಷ 8, ಅಡಿಕೆ ಮರದಿಂದ ಬಿದ್ದವರು 5 ಎಂದು ಹಾಕಿದೆವು. ಮಲೆನಾಡಿನ ಯಾವ ಆಸ್ಪತ್ರೆಯೂ ಈ ಸಾಲನ್ನು ಓದದೆ ದಾಟುವುದಿಲ್ಲ.

ನಾನಾದರೆ ಈ ಸಾಲಿನ ಮೇಲೆ ಕೇಳುವ ಪ್ರಶ್ನೆ ಒಂದೇ: ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಯಾವುದರಲ್ಲಿ ಮಾಡಿದಿರಿ? ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಮಾಡಬೇಕು, ಇಪ್ಪತ್ತು ನಿಮಿಷ ಅಲುಗಾಡಿಸಬಾರದು. ಪ್ಲಾಸ್ಟಿಕ್ಕಿನಲ್ಲೋ ಸೋಪಿನಲ್ಲಿ ತೊಳೆದ ನಳಿಕೆಯಲ್ಲೋ ಮಾಡಿದರೆ ವಿಷವಿಲ್ಲದವರ ರಕ್ತವೂ ಹೆಪ್ಪುಗಟ್ಟದೆ ಉಳಿದು, ಬೇಡದ ಪ್ರತಿವಿಷ ಏರಿಸುವಂತಾಗುತ್ತದೆ. ಇನ್ನೂ ಬಲ್ಲವರಾದರೆ, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದ ಪ್ರತಿವಿಷವು ನಮ್ಮ ತೋಟಗಳಲ್ಲಿ ಸಿಗುವ ಗುಳಿಮಂಡಲಗಳ ವಿಷಕ್ಕೆ ನಾಟುವುದಿಲ್ಲ ಎಂಬುದನ್ನೂ ಸೇರಿಸುತ್ತಾರೆ.

ಎರಡನೆಯದು ವೈದ್ಯಕೀಯ-ಕಾನೂನು ಪ್ರಕರಣಗಳ ಬರಹ. ಅಪಘಾತ, ಹೊಡೆದಾಟ, ವಿಷಸೇವನೆ ಬಂದಾಗ ಗಾಯಗಳನ್ನು ಅಳೆದು ದಾಖಲಿಸುವುದು, ಪೊಲೀಸರಿಗೆ ತಿಳಿಸುವುದು ಡ್ಯೂಟಿ ಡಾಕ್ಟರ್ ಪಾಲಿಗೆ ಬರುವ ಕೆಲಸ. ಆಸ್ಪತ್ರೆ ನಡೆಸುವವರಿಗೆ ಇಂಟ್ಯುಬೇಷನ್‌ಗಿಂತ ಇದರದೇ ಹೆಚ್ಚು ಚಿಂತೆ. ನನ್ನ ಸೊಸೆ ಹಿರಿಯರ ಜೊತೆ ಕೂತು ಮೂವತ್ತಕ್ಕೂ ಹೆಚ್ಚು ಬರೆದಿದ್ದಳು, ಅದು ಹೇಳಿಕೊಳ್ಳುವ ವಿಷಯ ಎಂದೇ ಅವಳಿಗೆ ಅನ್ನಿಸಿರಲಿಲ್ಲ.

ಸಂಶೋಧನೆ: ನಿಮ್ಮ ಪಾಲು ಎಷ್ಟು?

‘ಮಂಗನ ಕಾಯಿಲೆಯ ಬಗ್ಗೆ ಸಂಶೋಧನೆ, ಪ್ರಕಟಣೆ 1’ ಎಂದು ಅವಳ ಹಳೆಯ ರೆಸ್ಯೂಮೆ ಹೇಳುತ್ತಿತ್ತು. ಕೆದಕಿದಾಗ ತಿಳಿದದ್ದು: ಸಮುದಾಯ ವೈದ್ಯಕೀಯ ವಿಭಾಗದವರು ಎರಡು ಹಳ್ಳಿಗಳಲ್ಲಿ, ಕಾಡಿಗೆ ಹೋಗುವವರು ಈ ಕಾಯಿಲೆ ಹರಡುವ ಉಣ್ಣೆ ಕಚ್ಚದಂತೆ ಏನು ಎಚ್ಚರ ವಹಿಸುತ್ತಾರೆ ಎಂಬ ಸಮೀಕ್ಷೆ ನಡೆಸಿದ್ದರು. ಇವಳು 60 ಮನೆಗಳಿಗೆ ಹೋಗಿ ಪ್ರಶ್ನಾವಳಿ ತುಂಬಿಸಿ, ಅದನ್ನು ಕಂಪ್ಯೂಟರಿಗೆ ಏರಿಸಿದ್ದಳು. ‘ಪ್ರಕಟಣೆ’ ಎಂದರೆ ಕಾಲೇಜಿನ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಬಂದ ಸಾರಾಂಶ, ಲೇಖಕರ ಪಟ್ಟಿಯಲ್ಲಿ ಇವಳದು ನಾಲ್ಕನೆಯ ಹೆಸರು.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದಕ್ಕೆ ಪ್ರಕಟಣೆ ಎಂಬ ಹೆಸರಿಟ್ಟದ್ದು ಮಾತ್ರ ತಪ್ಪು. ಸಮ್ಮೇಳನದ ಸಾರಾಂಶ, ಪೋಸ್ಟರ್, ನಿಯತಕಾಲಿಕದಲ್ಲಿ ಬಂದ ಲೇಖನ ಇವು ಮೂರೂ ಬೇರೆ ಬೇರೆ. ನಾವು ಹೀಗೆ ತಿದ್ದಿದೆವು:

> ಉಣ್ಣೆ ಕಡಿತ ತಡೆಯುವ ಅಭ್ಯಾಸಗಳ ಮನೆ ಸಮೀಕ್ಷೆ, ಸಾಗರ ತಾಲ್ಲೂಕು. ನೈತಿಕ ಸಮಿತಿಯ ಒಪ್ಪಿಗೆ ಪಡೆದ ವಿಭಾಗೀಯ ಅಧ್ಯಯನ. ನನ್ನ ಪಾಲು: 60 ಮನೆಗಳ ಸಂದರ್ಶನ, ದತ್ತಾಂಶ ನಮೂದು. ಸಮ್ಮೇಳನ ಸಾರಾಂಶ (ನಾಲ್ಕನೆಯ ಲೇಖಕಿ).

ಲೇಖನವನ್ನು ನಿಯತಕಾಲಿಕಕ್ಕೆ ಕಳಿಸಿದ್ದರೆ ‘ಸಲ್ಲಿಸಲಾಗಿದೆ’, ಒಪ್ಪಿಗೆಯ ಪತ್ರ ಕೈಯಲ್ಲಿದ್ದರೆ ‘ಸ್ವೀಕೃತ’, ಅಚ್ಚಾಗಿದ್ದರೆ ಮಾತ್ರ ‘ಪ್ರಕಟಿತ’. ಇನ್ನೂ ಬರೆಯುತ್ತಿರುವುದನ್ನು ಹಾಕಲೇಬೇಡಿ. ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕಿಕೊಡುವ ಪತ್ರಿಕೆಗಳ ಹೆಸರು ಓದುವವರಿಗೆ ಗೊತ್ತಿರುತ್ತದೆ. ಅಂಥ ಒಂದು ಸಾಲು ಉಳಿದ ಎಲ್ಲ ಸಾಲುಗಳ ಮೇಲೂ ಅನುಮಾನ ಹುಟ್ಟಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿದ್ಯಾರ್ಥಿ ಯೋಜನೆಯಲ್ಲಿ ಓದುವಾಗಲೇ ಅಧ್ಯಯನ ಮಾಡಿದವರು ಅದನ್ನು ಈ ಭಾಗದ ಮೊದಲಿಗೆ ತನ್ನಿ, ಏಕೆಂದರೆ ಅಲ್ಲಿ ಪ್ರಸ್ತಾವವನ್ನು ನೀವೇ ಬರೆದಿರುತ್ತೀರಿ. ಡ್ಯೂಟಿ ಡಾಕ್ಟರ್ ಹುದ್ದೆಗಾದರೆ ಸಂಶೋಧನೆಗೆ ಮೂರು ಸಾಲು ಧಾರಾಳವಾಯಿತು. ಕಾಲೇಜು ಅಥವಾ ಸಂಶೋಧನಾ ಹುದ್ದೆಗಾದರೆ ಇದನ್ನು ಮೇಲಕ್ಕೆ ತಂದು, ಕೈಕೆಲಸವನ್ನು ಕೆಳಕ್ಕೆ ಇಳಿಸಿ.

ಉಳಿದದ್ದು

ಬಿಎಲ್‌ಎಸ್, ಎಸಿಎಲ್‌ಎಸ್ ತರಬೇತಿ ಆಗಿದ್ದರೆ ಪ್ರಮಾಣಪತ್ರದ ಅವಧಿ ಮುಗಿಯುವ ತಿಂಗಳನ್ನೂ ಬರೆಯಿರಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನದು ಎರಡು ವರ್ಷಕ್ಕೆ ಮುಗಿಯುತ್ತದೆ. ಭಾಷೆಗಳಿಗೆ ಒಂದು ಸಾಲು ಕೊಡಿ. ಕನ್ನಡದ ಜೊತೆ ಉರ್ದು, ಕೊಂಕಣಿ, ತುಳು, ಲಂಬಾಣಿಯಲ್ಲಿ ರೋಗಿಯೊಂದಿಗೆ ಮಾತಾಡಬಲ್ಲವರು ಇಲ್ಲಿನ ಕ್ಯಾಶುಯಲ್ಟಿಗೆ ವರ. ಪರೀಕ್ಷೆಗೆ ಓದುತ್ತ ಮನೆಯಲ್ಲಿದ್ದ ವರ್ಷವಿದ್ದರೆ ‘ನೀಟ್-ಪಿಜಿ ತಯಾರಿ’ ಎಂದು ತಿಂಗಳ ಸಮೇತ ನೇರವಾಗಿ ಬರೆಯಿರಿ. ಮುಚ್ಚಿಟ್ಟ ಖಾಲಿ ವರ್ಷವೇ ಕಣ್ಣಿಗೆ ಹೊಡೆಯುವುದು. ನಿಮ್ಮನ್ನು ಬಲ್ಲ ಇಬ್ಬರು ಹಿರಿಯರ ಹೆಸರು ಕೊಡುವ ಮುನ್ನ ಅವರನ್ನು ಕೇಳಿ. ಶಿವಮೊಗ್ಗದ ವೈದ್ಯರ ಬಳಗ ಸಣ್ಣದು, ಹೆಸರು ಕೊಟ್ಟರೂ ಕೊಡದಿದ್ದರೂ ಒಂದು ಫೋನ್ ಹೋಗಿಯೇ ಹೋಗುತ್ತದೆ. ಕಡತವನ್ನು ಪಿಡಿಎಫ್ ಮಾಡಿ, ನಿಮ್ಮ ಹೆಸರನ್ನೇ ಅದಕ್ಕೆ ಇಡಿ. ನನ್ನ ಮೊಬೈಲಿನಲ್ಲಿ ಈಗಲೂ `resume_final_new(2).pdf` ಎಂಬ ಮೂರು ಕಡತಗಳಿವೆ, ಯಾರವು ಎಂದು ತೆರೆಯದೆ ತಿಳಿಯುವಂತಿಲ್ಲ.

ಸಂಬಂಧಿಕಳೆಂಬ ಕಾರಣಕ್ಕೆ ಅವಳನ್ನು ನಮ್ಮಲ್ಲಿಗೆ ಕರೆಯಲಿಲ್ಲ. ಊರಿನ ಇನ್ನೊಂದು ಆಸ್ಪತ್ರೆಯ ಸಂದರ್ಶನಕ್ಕೆ ಎರಡು ಪುಟ ಮತ್ತು ಲಾಗ್‌ಬುಕ್ ಹಿಡಿದು ಹೋದಳು. ಅಲ್ಲಿಯ ಹಿರಿಯರು ನೇರವಾಗಿ ಇಂಟ್ಯುಬೇಷನ್ ಸಾಲಿನ ಮೇಲೆ ಬೆರಳಿಟ್ಟು, ನಳಿಕೆ ಹೋಗದ ಆ ಎರಡು ಸಲ ಏನಾಯಿತು, ಹಿರಿಯರು ಕೈಗೆತ್ತಿಕೊಳ್ಳುವವರೆಗೆ ಏನು ಮಾಡಿದೆ ಎಂದು ಕೇಳಿದರಂತೆ. ಮಾಸ್ಕ್ ಹಿಡಿದು ಬ್ಯಾಗಿನಿಂದ ಉಸಿರು ಕೊಡುತ್ತಿದ್ದೆ, ಆಮ್ಲಜನಕದ ಮಟ್ಟ ಕೆಳಗಿಳಿಯಲಿಲ್ಲ ಎಂದಳಂತೆ. ಕೆಲಸ ಕೊಟ್ಟರು, ಜೊತೆಗೆ ಒಂದು ಷರತ್ತು: ಮೊದಲ ಎರಡು ತಿಂಗಳು ಒಬ್ಬಳೇ ರಾತ್ರಿ ಪಾಳಿ ಇಲ್ಲ, ಬೆಳಗಿನ ಹೊತ್ತು ಥಿಯೇಟರಿನಲ್ಲಿ ಅರಿವಳಿಕೆಯವರ ಜೊತೆ ನಿಲ್ಲಬೇಕು. ಮೊನ್ನೆ ಅವಳು ಕಳಿಸಿದ ಹೊಸ ಪ್ರತಿಯಲ್ಲಿ ಆ ಸಾಲು ‘23 ಪ್ರಯತ್ನ, 20 ಯಶಸ್ವಿ, ಇದರಲ್ಲಿ ಕ್ಯಾಶುಯಲ್ಟಿಯಲ್ಲಿ 3’ ಎಂದಾಗಿತ್ತು. ಪಟ್ಟಿಯ ಕೆಳಗೆ ಎಣಿಸಿದ ದಿನಾಂಕವನ್ನೂ ಹಾಕಿದ್ದಳು.